ಎರಡೂ ಇಲ್ಲ, ಎರಡರಲ್ಲೊಂದು

ಇಂಗ್ಲಿಷಿನಲ್ಲಿ ಪತ್ರವ್ಯವಹಾರ ನಡೆಸುವ ನಮ್ಮ ವಾಚಕರಲ್ಲಿ ಕೆಲವರು ಈಚೆಗೆ ಒಂದೇ ಬಗೆಯ ಸಂದೇಹವನ್ನು ನಮಗೆ ಬರೆದು ಕಳುಹಿಸಿರುವರು. ಈಚ್, ಎವೆರಿ, ಐದರ್, ನೈದರ್, ಬೋತ್ ಎಂಬ ಐದು ಪದಗಳು ಬಂದಾಗ ನಾಮಪದವನ್ನು ಏಕವಚನದಲ್ಲಿ ಬರೆಯಬೇಕೋ ಬಹುವಚನದಲ್ಲಿ ಬರೆಯಬೇಕೋ, ಕ್ರಿಯಾಪದವು ಯಾವುದನ್ನು ಅನುಸರಿಸಬೇಕು ಎಂಬುದೇ ಆ ಸಂದೇಹ. ಕಡೂರಿನ ಹಿರಿಯರೊಬ್ಬರು, ತಮ್ಮ ಮೊಮ್ಮಕ್ಕಳು ತಮ್ಮ ಇಂಗ್ಲಿಷನ್ನು ತಿದ್ದುವರೆಂದೂ, ತಿದ್ದುವುದಕ್ಕೆ ಕಾರಣವನ್ನು ಮಾತ್ರ ಹೇಳಲಾರರೆಂದೂ ಬರೆದಿರುವರು. ಕಾರಣವನ್ನು ಹೇಳುವುದಕ್ಕೆ ನಾವು ಯತ್ನಿಸುವೆವು. ಅದಕ್ಕಾಗಿ ದೂರ ಹೋಗಬೇಕಾದುದಿಲ್ಲ. ಅವರ ಊರಿನ ರೈಲು ನಿಲ್ದಾಣವೇ ಸಾಕು.

ಬೆಂಗಳೂರಿನ ಕಡೆಯಿಂದ ಬರುವ ಹಾದಿಯು ಅರಸೀಕೆರೆ, ಕಡೂರುಗಳನ್ನು ದಾಟಿ ಬೀರೂರನ್ನು ಸೇರುವುದಷ್ಟೆ. ಬೀರೂರಿನಲ್ಲಿ ಅದು ಕವಲೊಡೆಯುತ್ತದೆ. ಒಂದು ಕವಲು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೂ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗೆಯ ಕಡೆಗೂ ಹೋಗುವುವು. ಈಗ ಹೀಗೆ ಭಾವಿಸಿಕೊಳ್ಳಿರಿ. ಕನ್ನಡವನ್ನರಿಯದ ಅತಿಥಿಯೊಬ್ಬನು ಕಡೂರಿನಿಂದ ಅಜ್ಜಂಪುರಕ್ಕೆ ಹೋಗಬೇಕಾಗಿದೆ. ಒಂದರ ಹಿಂದೊಂದು ಬರಲಿರುವ ಎರಡು ಗಾಡಿಗಳೂ ಶಿವಮೊಗ್ಗೆಯವು. ಮನೆಯ ಯಜಮಾನರು ಈ ಸಂಗತಿಯನ್ನು ತಿಳಿಸಬೇಕೆಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಹೀಗೆ ಬರೆದುಕೊಟ್ಟರು: ‘ಬೋತ್ ದಿ ಟ್ರೈನ್ಸ್ ಡು ನಾಟ್ ಗೋ ಟು ಅಜ್ಜಂಪುರ’.

ಅವರ ಮನಸ್ಸಿನಲ್ಲಿದ್ದುದು ‘ಎರಡು ಗಾಡಿಗಳೂ ಅಜ್ಜಂಪುರಕ್ಕೆ ಹೋಗುವುದಿಲ್ಲ’ ಎಂಬ ಕನ್ನಡ ವಾಕ್ಯ. ಅದನ್ನು ಕೇಳಿದ ಕನ್ನಡಿಗನು ಎರಡನ್ನೂ ಬಿಟ್ಟು ಮೂರನೆಯ ಗಾಡಿಗೆ ಕಾಯುವನು, ಇಲ್ಲವೆ ಬಸ್ಸನ್ನು ಹಿಡಿಯುವನು. ಅತಿಥಿಯಾದರೋ ಇಂಗ್ಲಿಷಿನ ಕಿವಿಯಿಂದ ಅದನ್ನು ಓದಿದನು. ‘ಎರಡೂ ಹೋಗುವುವೆಂದು ತಿಳಿಯಬೇಡ, ಒಂದು ಮಾತ್ರ ಹೋಗುತ್ತದೆ’ ಎಂಬ ಅರ್ಥವು ಅವನಿಗೆ ತೋರಿತು. ಮೊದಲನೆಯ ಗಾಡಿಯು ಬಂದಾಗ ವಿಚಾರಿಸಿದನು, ಶಿವಮೊಗ್ಗೆಯದೆಂದರು. ಹಾಗಾದರೆ ಎರಡನೆಯದೇ ತನ್ನದೆಂದು ನಿಶ್ಚಯಿಸಿ, ಅದು ಬಂದಾಗ ಯಾರನ್ನೂ ಕೇಳದೆ ಹತ್ತಿ ಕುಳಿತನು. ಅವನು ಇಳಿದುದು ತರೀಕೆರೆಯಲ್ಲಿ. ಚೀಟಿಯಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಬಹುವಚನದ ‘ಟ್ರೈನ್ಸ್’ ಎಂಬುದಕ್ಕೆ ಬಹುವಚನದ ‘ಡು’ ಎಂಬುದೂ ಸರಿಯಾಗಿಯೇ ಹೊಂದಿಕೊಂಡಿತ್ತು. ಆದುದರಿಂದಲೇ ಈ ಬಗೆಯ ತಪ್ಪು ಬರೆದವರ ಕಣ್ಣಿಗೆ ಬೀಳುವುದಿಲ್ಲ.

ಬರೆಯಬೇಕಾಗಿದ್ದುದು ‘ನೈದರ್ ಟ್ರೈನ್ ಗೋಸ್ ಟು ಅಜ್ಜಂಪುರ’ ಎಂದು. ಇಲ್ಲಿ ನಿಷೇಧವು ಮೊದಲಿನ ಪದದೊಳಗೇ ಅಡಗಿರುವುದರಿಂದ ‘ನಾಟ್’ ಬೇಕಾದುದಿಲ್ಲ. ಅಭ್ಯಾಸಬಲದಿಂದ ಅದನ್ನೂ ಸೇರಿಸಿದರೆ ಎರಡು ನಿಷೇಧಗಳು ಒಂದನ್ನೊಂದು ಹೊಡೆದು, ಎರಡು ಗಾಡಿಗಳೂ ಹೋಗುತ್ತವೆಂದು ಅರ್ಥವಾಗುವುದು. ಗಾಡಿಗಳು ಎರಡಾದರೂ ‘ಟ್ರೈನ್’ ಎಂಬುದು ಏಕವಚನ, ‘ಗೋಸ್’ ಎಂಬುದೂ ಏಕವಚನ. ಮೊದಲನೆಯದನ್ನು ನೋಡು, ಅದು ಹೋಗುವುದಿಲ್ಲ. ಎರಡನೆಯದನ್ನು ನೋಡು, ಅದೂ ಹೋಗುವುದಿಲ್ಲ ಎಂದು ಒಂದೊಂದನ್ನೇ ಬೆರಳಿಟ್ಟು ತೋರಿಸುವ ಪದವದು. ಬೆರಳು ಒಂದು ಸಲಕ್ಕೆ ಒಂದನ್ನೇ ತೋರಿಸುವುದಾದ ಕಾರಣ ಏಕವಚನವು ಬಂದಿತು. ಬೋತ್ ಎಂಬುದು ಹಾಗಲ್ಲ. ಅದು ಎರಡನ್ನೂ ಒಂದೇ ತೆಕ್ಕೆಯಲ್ಲಿ ಹಿಡಿಯುತ್ತದೆ. ಆದುದರಿಂದ ‘ಬೋತ್ ಟ್ರೈನ್ಸ್ ಗೋ ಟು ಬೀರೂರ್’ ಎಂದು ಎಲ್ಲವೂ ಬಹುವಚನದಲ್ಲಿರತಕ್ಕದ್ದು.

ನಮ್ಮವರು ಇಲ್ಲಿಯೇ ಎಡವುವುದಕ್ಕೆ ಕಾರಣವು ಅಜ್ಞಾನವಲ್ಲ. ಕನ್ನಡದ ಒಂದು ಪುಟ್ಟ ಅಕ್ಷರ. ‘ಎರಡೂ’, ‘ಇಬ್ಬರೂ’ ಎಂಬಲ್ಲಿ ಕೊನೆಗೆ ಸೇರುವ ‘ಊ’ ಎಂಬುದನ್ನು ನೋಡಿರಿ. ‘ಇಬ್ಬರೂ ಬಂದರು’ ಎಂದರೆ ಅದು ಬೋತ್. ‘ಇಬ್ಬರೂ ಬರಲಿಲ್ಲ’ ಎಂದರೆ ಅದೇ ಪದವು ನೈದರ್. ಯಾರೂ, ಏನೂ, ಎಲ್ಲಿಯೂ, ಒಂದೂ ಎಂಬ ಪದಗಳಲ್ಲಿಯೂ ಈ ‘ಊ’ ಉಂಟು. ಇಲ್ಲ ಎಂಬುದರೊಡನೆ ಸೇರಿದರೆ ಅದು ಬಾಗಿಲನ್ನು ಪೂರ್ತಿಯಾಗಿ ಮುಚ್ಚಿಬಿಡುತ್ತದೆ. ಅದನ್ನು ಬಿಟ್ಟು ನೋಡಿರಿ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯಲ್ಲಿ ‘ಎಲ್ಲ’ ಎಂಬುದಕ್ಕೆ ‘ಊ’ ಸೇರಿಲ್ಲ. ಬೆಳ್ಳಗಿರುವುದರಲ್ಲಿ ಒಂದಿಷ್ಟು ಹಾಲೂ ಇರಬಹುದೆಂಬುದಕ್ಕೆ ಅಲ್ಲಿ ಎಡೆಯುಂಟು. ‘ಈ ಎರಡೂ ಹಾಲಲ್ಲ’ ಎಂದಾಗ ಆ ಎಡೆಯಿಲ್ಲ. ನಮಗೆ ಒಂದೇ ಪದವು ಎರಡು ಕೆಲಸಗಳನ್ನೂ ಮಾಡಿಕೊಡುತ್ತಿರುವುದರಿಂದ, ಇಂಗ್ಲಿಷಿನಲ್ಲಿಯೂ ಬೋತ್ ಎಂಬ ಒಂದೇ ಪದದಿಂದ ಎರಡನ್ನೂ ಮಾಡಿಸಲು ಹೋಗುವೆವು. ಅದಕ್ಕೆ ಆ ಶಕ್ತಿಯಿಲ್ಲ. ಕನ್ನಡದಲ್ಲಿ ನೈದರ್ ಎಂಬುದಕ್ಕೆ ಬೇರೆ ಪದವಿಲ್ಲದಿರುವುದರಿಂದ ಅದು ಸಮಯಕ್ಕೆ ನೆನಪಿಗೂ ಬರುವುದಿಲ್ಲ.

ಆದುದರಿಂದ ನಮ್ಮ ವಾಚಕರು ತಮ್ಮ ಕಾಗದವನ್ನು ಮತ್ತೊಮ್ಮೆ ಓದುವಾಗ ಬೋತ್ ಎಂಬ ಪದವು ಎಲ್ಲಿ ಕಂಡರೂ ಅದೇ ವಾಕ್ಯದಲ್ಲಿ ‘ನಾಟ್’ ಉಂಟೇ ಎಂದು ಹುಡುಕಲಿ. ಇದ್ದರೆ ಅದು ಅಪಾಯದ ಸ್ಥಳ. ಎರಡಕ್ಕೂ ಇಲ್ಲವೆನ್ನಬೇಕಾಗಿದ್ದರೆ ನೈದರ್ ಎಂದು ತಿದ್ದಿ ‘ನಾಟ್’ ಎಂಬುದನ್ನು ಹೊಡೆದುಹಾಕತಕ್ಕದ್ದು. ಒಂದಕ್ಕೆ ಮಾತ್ರ ಇಲ್ಲವೆನ್ನಬೇಕಾಗಿದ್ದರೆ ‘ಓನ್ಲಿ ಒನ್ ಆಫ್ ದಿ ಟ್ರೈನ್ಸ್ ಗೋಸ್’ ಎಂದು ಬಿಡಿಸಿ ಹೇಳುವುದೇ ಮೇಲು. ಇಂತಹ ಸಂಶಯವು ಎವೆರಿ ಎಂಬುದರಲ್ಲಿಯೂ ಉಂಟು. ‘ಎವೆರಿ ಟ್ರೈನ್ ಡಸ್ ನಾಟ್ ಸ್ಟಾಪ್ ಹಿಯರ್’ ಎಂದರೆ ಇಲ್ಲಿ ಯಾವ ಗಾಡಿಯೂ ನಿಲ್ಲದೆಂದಲ್ಲ, ಎಲ್ಲ ಗಾಡಿಗಳೂ ನಿಲ್ಲವೆಂದು, ಅಂದರೆ ಕೆಲವು ನಿಲ್ಲುವುವೆಂದು ಸಾಮಾನ್ಯವಾಗಿ ಅರ್ಥವಾಗುವುದು. ಯಾವುದೂ ನಿಲ್ಲದಿದ್ದರೆ ‘ನೋ ಟ್ರೈನ್ ಸ್ಟಾಪ್ಸ್ ಹಿಯರ್’ ಎಂದು ಬರೆಯಬೇಕು.

ಎರಡಕ್ಕೆಂದೇ ಬೇರೆ ಪದಗಳು ಏಕೆ ಬೇಕಾದುವು ಎಂದು ಕೇಳಬಹುದು. ಸಂಸ್ಕೃತವನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ರಾಮಃ, ರಾಮೌ, ರಾಮಾಃ ಎಂದು ಅಲ್ಲಿ ದ್ವಿವಚನವುಂಟಲ್ಲವೆ? ಪ್ರಾಚೀನ ಇಂಗ್ಲಿಷಿನಲ್ಲಿಯೂ ‘ನಾವಿಬ್ಬರು’, ‘ನೀವಿಬ್ಬರು’ ಎಂಬ ಅರ್ಥದ ಪ್ರತ್ಯೇಕ ಸರ್ವನಾಮಗಳಿದ್ದುವು. ಸುಮಾರು 13ನೆಯ ಶತಮಾನದ ವೇಳೆಗೆ ಅವು ಬಳಕೆ ತಪ್ಪಿದುವು. ಮನೆ ಬಿದ್ದುಹೋದರೂ ಹೊಸಿಲು ಉಳಿದಂತೆ ಬೋತ್, ಐದರ್, ನೈದರ್ ಎಂಬ ಮೂರು ಪದಗಳು ಮಾತ್ರ ಎರಡೆಂಬ ಎಣಿಕೆಯನ್ನು ಇಂದಿಗೂ ಕಾಪಾಡಿಕೊಂಡಿರುವುವು. ಬೋತ್ ಎಂಬುದಂತೂ ಸಂಸ್ಕೃತದ ‘ಉಭೌ’ ಎಂಬುದರ ದೂರದ ನೆಂಟ. ಕನ್ನಡದಲ್ಲಿರುವುದು ಏಕವಚನ, ಬಹುವಚನಗಳೆರಡೇ ಆದುದರಿಂದ ನಮಗೆ ಈ ಎರಡರ ಕಟ್ಟು ಅಷ್ಟಾಗಿ ಹತ್ತುವುದಿಲ್ಲ.

ಈ ಕಟ್ಟು ಎಷ್ಟರಮಟ್ಟಿಗೆ ಬಿಗಿಯೆಂಬುದಕ್ಕೂ ಕಡೂರಿನ ನಿಲ್ದಾಣವೇ ನಿದರ್ಶನ. ಹಿಂದೆ ಅಲ್ಲಿಂದ ಅರಸೀಕೆರೆಯ ಕಡೆಗೆ ಹೋಗಬಹುದಾಗಿತ್ತು, ಇಲ್ಲವೆ ಬೀರೂರಿನ ಕಡೆಗೆ ಹೋಗಬಹುದಾಗಿತ್ತು. ಆಗ ಕಡೂರಿನಿಂದ ‘ಐದರ್ ಡೈರೆಕ್ಷನ್’ ಎನ್ನುವುದು ಸರಿಯಾಗಿತ್ತು. 2013ರಲ್ಲಿ ಚಿಕ್ಕಮಗಳೂರಿಗೆ ರೈಲು ಹಾದಿಯು ತೆರೆದ ಮೇಲೆ ದಿಕ್ಕುಗಳು ಮೂರಾದುವು. ಈಗ ‘ಎನಿ ಡೈರೆಕ್ಷನ್’ ಎನ್ನಬೇಕು. ಮೂರರಲ್ಲಿ ಯಾವುದೂ ಬೇಡವಾದರೆ ನೈದರ್ ಎನ್ನದೆ ನನ್ ಎನ್ನಬೇಕು. ಹಾದಿಯೊಂದು ಹೆಚ್ಚಿದುದರಿಂದ ವ್ಯಾಕರಣವೇ ಬದಲಾಯಿತು! ಬೀರೂರಿನಿಂದ ಮುಂದಕ್ಕೆ ಹೋಗುವವರಿಗೆ ಕವಲುಗಳು ಈಗಲೂ ಎರಡೇ ಆದುದರಿಂದ ಅಲ್ಲಿ ಐದರ್ ಎಂಬುದಕ್ಕೆ ಊನವಿಲ್ಲ.

ಐದರ್ ಎಂಬುದರ ಸಾಮಾನ್ಯ ಅರ್ಥವು ‘ಎರಡರಲ್ಲಿ ಯಾವುದಾದರೂ ಒಂದು’ ಎಂದು. ಕಡೂರಿನಲ್ಲಿ ನಿಂತು ಬೀರೂರಿಗೆ ಹೋಗಬೇಕಾದವನಿಗೆ ಹುಬ್ಬಳ್ಳಿಯ ಗಾಡಿಯಾದರೂ ಆಗಬಹುದು, ಶಿವಮೊಗ್ಗೆಯ ಗಾಡಿಯಾದರೂ ಆಗಬಹುದು. ಎರಡೂ ಬೀರೂರಿನಲ್ಲಿ ನಿಲ್ಲುವುವಾದರೆ ಸಾಕು. ಅವನಿಗೆ ‘ಐದರ್ ಟ್ರೈನ್ ವಿಲ್ ಡು’ ಎನ್ನುವರು. ಎರಡು ಗಾಡಿಗಳಿದ್ದರೂ ಹತ್ತುವುದು ಒಂದನ್ನೇ ಆದುದರಿಂದ ಏಕವಚನ. ಇದಲ್ಲದೆ ಇನ್ನೊಂದು ಹಳೆಯ ಅರ್ಥವೂ ಉಂಟು. ‘ದೇರ್ ಆರ್ ಕೋಕನಟ್ ಟ್ರೀಸ್ ಆನ್ ಐದರ್ ಸೈಡ್ ಆಫ್ ದಿ ರೋಡ್’ ಎಂದರೆ ತೆಂಗಿನಮರಗಳು ಎಡಕ್ಕೋ ಬಲಕ್ಕೋ ಇರುವುವೆಂದಲ್ಲ, ಎರಡು ಮಗ್ಗುಲಲ್ಲಿಯೂ ಇರುವುವೆಂದು ತಿಳಿಯತಕ್ಕದ್ದು. ಮೊದಲು ಈ ಪದಕ್ಕೆ ‘ಎರಡರಲ್ಲಿ ಒಂದೊಂದೂ’ ಎಂಬ ಅರ್ಥವೇ ಇದ್ದಿತು. ಅದು ಸೈಡ್, ಎಂಡ್, ಹ್ಯಾಂಡ್ ಮೊದಲಾದ ಕೆಲವು ಮಾತುಗಳ ಜೊತೆಯಲ್ಲಿ ಉಳಿದುಕೊಂಡಿದೆ. ಅಲ್ಲಿಯೂ ‘ಸೈಡ್’ ಎಂಬುದು ಏಕವಚನವೇ. ‘ಐದರ್ ಸೈಡ್ಸ್’ ಎಂದು ಬರೆದರೆ ತಪ್ಪು. ಬಹುವಚನವೇ ಬೇಕೆಂದಾದರೆ ‘ಬೋತ್ ಸೈಡ್ಸ್’ ಉಂಟು. ಉಚ್ಚಾರಣೆಯಲ್ಲಿ ಕೆಲವರು ಐದರ್ ಎನ್ನುವರು, ಕೆಲವರು ಈದರ್ ಎನ್ನುವರು. ಎರಡೂ ಸಾಧುವಾದುದರಿಂದ ಮಕ್ಕಳು ತಾತಂದಿರನ್ನು ಈ ವಿಷಯದಲ್ಲಿ ತಿದ್ದಬೇಕಾದುದಿಲ್ಲ.

ಗೃಹಸ್ಥರಿಗೆ ಐದರ್ ಎಂಬುದು ಎಲ್ಲಕ್ಕಿಂತ ಹತ್ತಿರದಲ್ಲಿ ಎದುರಾಗುವ ಸ್ಥಳವು ಬ್ಯಾಂಕು. ಗಂಡಹೆಂಡಿರು ಸೇರಿ ಖಾತೆ ತೆರೆಯುವಾಗ ಅರ್ಜಿಯಲ್ಲಿ ‘ಐದರ್ ಆರ್ ಸರ್ವೈವರ್’ ಎಂಬ ಮಾತಿಗೆ ಗುರುತು ಹಾಕಿಸುವರಷ್ಟೆ. ಇದನ್ನು ‘ಇಬ್ಬರೂ’ ಎಂದು ತಿಳಿದುಕೊಂಡಿರುವವರನ್ನು ನಾವು ಕಂಡಿರುವೆವು. ಹಾಗಲ್ಲ. ಇಬ್ಬರಲ್ಲಿ ಯಾರಾದರೂ ಒಬ್ಬರು, ಮತ್ತೊಬ್ಬರ ಸಹಿಯಿಲ್ಲದೆಯೇ, ಖಾತೆಯಿಂದ ಹಣವನ್ನು ತೆಗೆಯಬಹುದು. ಒಬ್ಬರು ಕಾಲವಾದರೆ ಉಳಿದವರಿಗೆ ಬ್ಯಾಂಕು ಹಣವನ್ನು ಸಲ್ಲಿಸುವುದು ಎಂಬುದು ಅದರ ತಾತ್ಪರ್ಯ. ಇಬ್ಬರ ಸಹಿಯೂ ಇದ್ದ ಹೊರತು ಹಣವು ಹೊರಡಬಾರದೆಂಬ ಕಟ್ಟುಪಾಡು ಬೇಕಾದವರು ‘ಜಾಯಿಂಟ್ಲಿ’ ಎಂಬುದಕ್ಕೆ ಗುರುತು ಹಾಕಿಸಬೇಕು. ಒಂದು ಪದದ ವಚನವನ್ನು ತಿಳಿಯದಿದ್ದುದರಿಂದ ಎಷ್ಟು ಸಹಿಗಳು ಬೇಕೆಂಬುದೇ ತಿಳಿಯದೆ ಹೋಗುವುದು.

ಇನ್ನು ಪರೀಕ್ಷೆಗೆ ಓದುವ ಮಕ್ಕಳನ್ನು ಕಾಡುವ ಒಂದು ಅಂಶ. ‘ನೈದರ್ ಟ್ರೈನ್ ಗೋಸ್’ ಎಂಬುದು ಸುಲಭ. ಅದನ್ನೇ ‘ನೈದರ್ ಆಫ್ ದಿ ಟ್ರೈನ್ಸ್’ ಎಂದು ಆರಂಭಿಸಿದರೆ, ‘ಟ್ರೈನ್ಸ್’ ಎಂಬ ಬಹುವಚನವು ಕ್ರಿಯಾಪದದ ಮಗ್ಗುಲಿಗೇ ಬಂದು ಕುಳಿತು ಅದನ್ನು ತನ್ನ ಕಡೆಗೆ ಎಳೆಯುತ್ತದೆ. ವಾಕ್ಯದ ಕರ್ತೃಪದವು ನೈದರ್ ಎಂಬುದೇ ಹೊರತು ‘ಟ್ರೈನ್ಸ್’ ಅಲ್ಲ. ಆದುದರಿಂದ ‘ನೈದರ್ ಆಫ್ ದಿ ಟ್ರೈನ್ಸ್ ಗೋಸ್’ ಎಂಬುದೇ ಶಾಸ್ತ್ರಕ್ಕೆ ಒಪ್ಪಿದುದು. ಐದರ್, ಈಚ್ ಎಂಬುವಕ್ಕೂ ಇದೇ ಕ್ರಮ. ಫೌಲರ್ ಎಂಬ ವಿದ್ವಾಂಸನು 1926ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ಪ್ರಯೋಗಕೋಶದಲ್ಲಿ ಏಕವಚನವನ್ನೇ ವಿಧಿಸಿರುವನು. ಆದರೂ ಆಡುಮಾತಿನಲ್ಲಿ ಇಂಗ್ಲಿಷರೇ ‘ಗೋ’ ಎಂದು ಬಹುವಚನವನ್ನು ಬಳಸುವುದುಂಟು, ಒಳ್ಳೆಯ ಲೇಖಕರ ಬರಹಗಳಲ್ಲಿಯೂ ಅದು ಸಿಕ್ಕುತ್ತದೆ. ಕೇಳಿದಾಗ ನಗಬೇಕಾದುದಿಲ್ಲ. ಉತ್ತರಪತ್ರಿಕೆಯಲ್ಲಿಯೂ ಅರ್ಜಿಯಲ್ಲಿಯೂ ಏಕವಚನವನ್ನು ಬರೆಯುವುದು ಕ್ಷೇಮ. ‘ನೈದರ್ ದಿ ಓನರ್ ನಾರ್ ದಿ ಲೇಬರರ್ಸ್’ ಎಂಬಂತೆ ಎರಡು ಹೆಸರುಗಳು ಬಂದಾಗ ಮಾತ್ರ ಕ್ರಿಯಾಪದವು ತನಗೆ ಹತ್ತಿರವಿರುವ ಹೆಸರನ್ನು ಅನುಸರಿಸಿ ‘ವೇರ್’ ಎಂದಾಗುವುದು.

ಈಚ್ ಎಂಬುದಕ್ಕೆ ಬರೋಣ. ಇಲ್ಲಿಯೂ ಕನ್ನಡವೇ ನಮ್ಮನ್ನು ದಾರಿ ತಪ್ಪಿಸುವುದು, ಆದರೆ ಬೇರೊಂದು ರೀತಿಯಲ್ಲಿ. ಕಡೂರು ಸೀಮೆಯ ಒಬ್ಬ ತಂದೆಯು ತೆಂಗಿನ ತೋಟವನ್ನು ಇಬ್ಬರು ಗಂಡುಮಕ್ಕಳಿಗೆ ಹಂಚಿ, ಪರದೇಶದಲ್ಲಿರುವ ಮಗನ ಮನೆಗೆ ಆ ವಿಷಯವನ್ನು ಬರೆಯುವನೆಂದಿಟ್ಟುಕೊಳ್ಳಿರಿ. ಅವನ ಮನಸ್ಸಿನಲ್ಲಿರುವುದು ‘ಇಬ್ಬರಿಗೂ ನಾಲ್ಕು ನಾಲ್ಕು ಎಕರೆ ಕೊಟ್ಟಿದ್ದೇನೆ’ ಎಂದು. ಅದನ್ನು ‘ಐ ಹ್ಯಾವ್ ಗಿವನ್ ಬೋತ್ ಮೈ ಸನ್ಸ್ ಫೋರ್ ಏಕರ್ಸ್’ ಎಂದು ಬರೆದರೆ ಒಟ್ಟು ಎಂಟು ಎಕರೆಯೋ, ನಾಲ್ಕೇ ಎಕರೆಯನ್ನು ಇಬ್ಬರಿಗೂ ಸೇರಿಸಿ ಕೊಟ್ಟುದೋ ಎಂಬುದು ನಿಶ್ಚಯವಾಗಿ ತಿಳಿಯದು. ಓದುವ ಸೊಸೆಯು ಒಂದು ರೀತಿ ತಿಳಿದಾಳು, ನಾಳೆ ವಕೀಲನು ಇನ್ನೊಂದು ರೀತಿ ವಾದಿಸಿಯಾನು. ತಪ್ಪಿಹೋದುದು ಯಾವುದು? ಕನ್ನಡದಲ್ಲಿ ಹಂಚಿಕೆಯ ಗುರುತು ಬೀಳುವುದು ಕೊಡುವ ವಸ್ತುವಿನ ಲೆಕ್ಕದ ಮೇಲೆ. ನಾಲ್ಕು ನಾಲ್ಕು, ಒಂದೊಂದು, ಎರಡೆರಡು ಎಂದು ಲೆಕ್ಕವನ್ನೇ ಇಮ್ಮಡಿಸಿ ಹೇಳುವೆವು. ಇಂಗ್ಲಿಷಿನಲ್ಲಿ ‘ಫೋರ್ ಫೋರ್’ ಎನ್ನುವ ಹಾಗಿಲ್ಲ. ನಾವು ಒಂದು ‘ನಾಲ್ಕ’ನ್ನು ಬಿಟ್ಟುಬಿಡುವೆವು; ಅದರೊಡನೆ ಹಂಚಿಕೆಯ ಅರ್ಥವೂ ಬಿದ್ದುಹೋಗುವುದು. ಅವರ ಭಾಷೆಯಲ್ಲಿ ಆ ಗುರುತನ್ನು ಹೊರುವುದು ಈಚ್. ‘ಐ ಹ್ಯಾವ್ ಗಿವನ್ ಈಚ್ ಆಫ್ ಮೈ ಸನ್ಸ್ ಫೋರ್ ಏಕರ್ಸ್’ ಎಂದೋ, ನಮ್ಮ ‘ತಲಾ’ ಎಂಬಂತೆ ಕೊನೆಯಲ್ಲಿಟ್ಟು ‘ಫೋರ್ ಏಕರ್ಸ್ ಈಚ್’ ಎಂದೋ ಬರೆದರೆ ಎಂಟು ಎಕರೆಗಳ ಲೆಕ್ಕವು ಭದ್ರವಾಯಿತು.

ಈಚ್ ಎಂಬುದು ಎಲ್ಲಿ ನಿಲ್ಲುವುದೆಂಬುದನ್ನೂ ನೋಡಬೇಕು. ಮುಂದೆ ನಿಂತರೆ ಅದೇ ಯಜಮಾನ: ‘ಈಚ್ ಸನ್ ಹ್ಯಾಸ್ ಫೋರ್ ಏಕರ್ಸ್’. ಬಹುವಚನದ ಕರ್ತೃಪದದ ಹಿಂದೆ ಸೇರಿಕೊಂಡರೆ ಅದಕ್ಕೆ ಅಧಿಕಾರವಿಲ್ಲ: ‘ದಿ ಸನ್ಸ್ ಈಚ್ ಹ್ಯಾವ್ ಫೋರ್ ಏಕರ್ಸ್’. ಇಲ್ಲಿ ‘ಹ್ಯಾವ್’ ಎಂಬುದು ‘ಸನ್ಸ್’ ಎಂಬುದನ್ನು ಅನುಸರಿಸಿತು. ಈಚ್ ಕಂಡಕೂಡಲೆ ‘ಹ್ಯಾಸ್’ ಬರೆಯುವ ಮಕ್ಕಳು ಈ ಎರಡನೆಯ ವಾಕ್ಯದಲ್ಲಿ ಅಂಕಗಳನ್ನು ಕಳೆದುಕೊಳ್ಳುವರು.

ಎವೆರಿ ಎಂಬುದು ಈಚ್ ಎಂಬುದರ ಮಗುವೆನ್ನಬಹುದು. ‘ಎವರ್’ ಮತ್ತು ‘ಈಚ್’ ಎಂಬ ಎರಡು ಪ್ರಾಚೀನ ಪದಗಳು ಕೂಡಿ ಅದಾಯಿತು. ಹುಟ್ಟಿನಲ್ಲಿಯೇ ಏಕವಚನವು ಸೇರಿಕೊಂಡಿರುವುದರಿಂದ ‘ಎವೆರಿ ಮ್ಯಾನ್ ಅಂಡ್ ವುಮನ್ ಹ್ಯಾಸ್’ ಎಂದು ಇಬ್ಬರನ್ನು ಹೆಸರಿಸಿದಾಗಲೂ ಅದು ಬಿಡದು. ಎರಡೇ ಇದ್ದಾಗ ಇದನ್ನು ಬಳಸಲಾಗದು, ಮೂರಾದರೂ ಇರಬೇಕು. ಇಬ್ಬರು ಗಂಡುಮಕ್ಕಳ ತಂದೆಯು ‘ಎವೆರಿ ಸನ್’ ಎಂದು ಬರೆದರೆ ಮೂರನೆಯವನು ಎಲ್ಲಿ ಎಂದು ಓದುವವರು ಹುಡುಕಿಯಾರು. ನಮ್ಮ ‘ಪ್ರತಿಯೊಬ್ಬ’ನಲ್ಲಿಯೂ ‘ಒಬ್ಬ’ನು ಅಡಗಿರುವನು. ಆದರೂ ನಾವು ಮರ್ಯಾದೆಗಾಗಿ ‘ಪ್ರತಿಯೊಬ್ಬರೂ ಬಂದಿದ್ದಾರೆ’ ಎಂದು ಬಹುವಚನವನ್ನು ಬಳಸಿ, ಅದೇ ಗೌರವವನ್ನು ಇಂಗ್ಲಿಷಿಗೂ ಹೊತ್ತುಕೊಂಡು ಹೋಗಿ ‘ಎವೆರಿಬಡಿ ಹ್ಯಾವ್ ಕಮ್’ ಎನ್ನುವೆವು. ಇಂಗ್ಲಿಷಿನ ಕ್ರಿಯಾಪದಕ್ಕೆ ಮರ್ಯಾದೆಯ ಬಹುವಚನವೆಂಬುದು ಪ್ರತ್ಯೇಕವಾಗಿ ಇಲ್ಲ. ಅಲ್ಲಿ ಜಿಲ್ಲಾಧಿಕಾರಿಗಳು ಬಂದರೂ ‘ಹ್ಯಾಸ್’, ಕರು ಬಂದರೂ ‘ಹ್ಯಾಸ್’. ‘ಎವೆರಿಬಡಿ ಹ್ಯಾಸ್ ಟೇಕನ್ ದೇರ್ ಸೀಟ್ಸ್’ ಎಂದು ಕ್ರಿಯಾಪದವು ಏಕವಚನದಲ್ಲಿದ್ದು ಸರ್ವನಾಮವು ಮಾತ್ರ ಬಹುವಚನವಾಗುವುದುಂಟು. ಹಳೆಯ ವ್ಯಾಕರಣಕಾರರು ‘ಹಿಸ್ ಸೀಟ್’ ಎಂದು ವಿಧಿಸುತ್ತಿದ್ದರು. ಸಭೆಯಲ್ಲಿ ಹೆಂಗಸರೂ ಕುಳಿತಿರುವಾಗ ‘ದೇರ್’ ಎಂಬುದೇ ಒಳ್ಳೆಯದೆಂದು ನಮಗೆ ತೋರುವುದು. ಇಂಗ್ಲಿಷರ ಬಳಕೆಯಲ್ಲಿ ಅದು ಶತಮಾನಗಳಿಂದ ಉಂಟು.

ಎವೆರಿ ಎಂಬುದರ ಮುಂದೆ ಬಹುವಚನವು ಸಲ್ಲುವ ಸ್ಥಳವೂ ಒಂದುಂಟು. ಸಂಖ್ಯೆಯು ನಡುವೆ ಬಂದರೆ ‘ಎವೆರಿ ಟೆನ್ ಮಿನಿಟ್ಸ್’ ಎನ್ನುವರು. ಹತ್ತು ನಿಮಿಷಗಳನ್ನು ಒಂದು ಕಂತೆಯಾಗಿ ಕಟ್ಟಿ, ಆ ಕಂತೆಯನ್ನು ಒಂದೆಂದು ಎಣಿಸಿದ ಹಾಗೆ. ‘ಎವೆರಿ ಅದರ್ ಡೇ’ ಎಂಬುದನ್ನು ಮಾತ್ರ ಎಚ್ಚರಿಕೆಯಿಂದ ಓದಬೇಕು. ವೈದ್ಯರು ಔಷಧದ ಚೀಟಿಯಲ್ಲಿ ಹಾಗೆ ಬರೆದಿದ್ದರೆ ‘ಉಳಿದ ಎಲ್ಲ ದಿನಗಳಲ್ಲಿಯೂ’ ಎಂದು ತಿಳಿಯಬಾರದು. ದಿನ ಬಿಟ್ಟು ದಿನ ಎಂದು ತಿಳಿದು ಕೊಡತಕ್ಕದ್ದು.